ಎರಡು ಸಲ ಸುತ್ತಿದ ಹೂವು

ನಂಜನಗೂಡಿನ ಕಾಲೇಜೊಂದರಲ್ಲಿ ಗಣಿತದ ಅತಿಥಿ ಉಪನ್ಯಾಸಕಿಯಾದ ರಂಜನಿ ಅರವತ್ತು ಉತ್ತರಪತ್ರಿಕೆ ತಿದ್ದಿ, ಸಾಕಾಗಿ ಕೂತಿದ್ದಳು. ಹೆಮ್ಮಿಗೆಯಿಂದ ಬರುವ ವಿದ್ಯಾರ್ಥಿನಿ ಬಿಂದುಶ್ರೀ ತನ್ನ ಪತ್ರಿಕೆ ಹಿಡಿದು ಬಂದಳು. r = 2 cos 3θ ಎಂಬ ಮೂರು ದಳದ ಹೂವಿನ ವಿಸ್ತೀರ್ಣ π ಎಂದು ಬರೆದದ್ದಕ್ಕೆ ಸೊನ್ನೆ ಬಿದ್ದಿತ್ತು. ಸೊನ್ನೆಯಿಂದ 2π ವರೆಗೆ ಇಂಟಿಗ್ರೇಟ್ ಮಾಡಿದರೆ ಉತ್ತರ 2π ಎಂದು ರಂಜನಿಯೇ ಪಾಠ ಮಾಡಿದ್ದಳು.

“ಮೇಡಂ, θ π ಮುಟ್ಟೋಷ್ಟ್ರಲ್ಲೇ ಮೂರು ದಳನೂ ಮುಗೀತವೆ. ಆಮೇಲೆ ಅದೇ ಗೆರೆ ಮೇಲೆ ಇನ್ನೊಂದು ಸುತ್ತು ಓಯ್ತದೆ. 2π ವರೆಗೆ ಓದ್ರೆ ಒಂದೇ ಹೂವ ಎರಡು ಸಲ ಲೆಕ್ಕ ಹಾಕ್ದಂಗಾಯ್ತದೆ.”

ರಂಜನಿ ಚಿತ್ರದ ಮೇಲೆ ಬೆರಳಾಡಿಸಿದಳು. ನಿಜವಾಗಿತ್ತು.

“ನಂಗೊಬ್ಳಿಗೆ ಮಾರ್ಕ್ಸ್ ಕೊಟ್ರೆ ಸಾಕು, ಮೇಡಂ. ಸುಸ್ತಾಗಿದ್ದೀರ.”

“ನಿಂಗೊಬ್ಳಿಗೇ ಹೆಂಗಮ್ಮ? ಮಿಕ್ಕೋರಿಗೆ ತಪ್ಪು ಹೇಳ್ಕೊಟ್ಟೋಳು ನಾನೇ.”

ಅವಳು ತಿದ್ದಿಟ್ಟ ಪತ್ರಿಕೆಗಳ ಕಟ್ಟು ಬಿಚ್ಚಿದಳು. ಕೆಂಪು ಪೆನ್ನು, ಹೋದ ದಾರಿಯಲ್ಲೇ, ಎರಡನೇ ಸುತ್ತು ಹೊರಟಿತು.