ಚೆನ್ನಪ್ಪಣ್ಣನ ಮೇಲೆ ಯಾವ ಬಾಧ್ಯತೆಯೂ ಇಲ್ಲ

ಪುತ್ತೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕರಾರು ಪತ್ರ ಬರೆಯುತ್ತಿದ್ದೇನೆ. ಒಂದು ಬಾಡಿಗೆ ಪತ್ರಕ್ಕೆ ಎರಡು ಗಂಟೆ ತಲೆ ತಿಂದವರು ಚೆನ್ನಪ್ಪಣ್ಣ ಒಬ್ಬರೇ.

ಅವರ ಶೀಟಿನ ಅಂಗಡಿಕೋಣೆಯಲ್ಲಿ ಶಹನಾ ಹೊಲಿಗೆ ಅಂಗಡಿ ಇಡುವವಳಿದ್ದಳು. ಅದರ ಮಾಡು, ಅಂದರೆ ಚಾವಣಿ, ನಾಲ್ಕು ಕಡೆ ಸೋರುತ್ತಿತ್ತು. ಮದುವೆ ಬಟ್ಟೆಗಳ ಮೇಲೆ ಒಂದು ಹನಿ ಬಿದ್ದರೂ ಅವಳ ಹೆಸರು ಮುಳುಗಿದ ಹಾಗೆ. ಅದಕ್ಕೆ ನಾನು ಬರೆದೆ: 'ಮಾಲಕರು ಹದಿನೈದು ದಿನದೊಳಗೆ ಮಾಡು ದುರಸ್ತಿ ಮಾಡಿಸತಕ್ಕದ್ದು.'

ಚೆನ್ನಪ್ಪಣ್ಣ ಕನ್ನಡಕ ತೆಗೆದರು. "ತಕ್ಕದ್ದು ಅಂದ್ರೆ ಎಂತ ಕಮಲಾವತಿಯಕ್ಕ? ನನ್ನ ಅಪ್ಪನೇ ನನಗೆ ಹೀಗೆ ಹೇಳಿದ್ದಿಲ್ಲ."

"ಮಾಡದಿದ್ರೆ ಕರಾರು ಮುರಿದ ಹಾಗೆ. ಅವಳು ನಷ್ಟ ಕೇಳಬಹುದು."

"'ಮಾಡಿಸಬಹುದು' ಅಂತ ಬರೆಯಿರಿ."

"ಆಗ ನಿಮ್ಮ ಇಷ್ಟ. ಮಾಡಿದರೂ ಸರಿ, ಬಿಟ್ಟರೂ ಸರಿ," ಎಂದೆ. ಪಕ್ಕದಲ್ಲಿ ಕೂತಿದ್ದ ಶಹನಾ ಚೀಲ ಹೆಗಲಿಗೇರಿಸಿದಳು.

"'ಮಾಡಿಸುವುದು ಒಳ್ಳೆಯದು' ಅಂತ?"

"ಅದು ಬುದ್ಧಿವಾದ, ಷರತ್ತಲ್ಲ."

"'ಪ್ರಯತ್ನಿಸುವುದು'?"

"ಪ್ರಾಮಾಣಿಕವಾಗಿ ಪ್ರಯತ್ನ ಮಾಡಿದರೆ ಮುಗಿಯಿತು. ಮತ್ತೂ ಸೋರಿದರೆ ನಿಮ್ಮನ್ನು ಹಿಡಿಯಲಿಕ್ಕೆ ಕಷ್ಟ."

ಅವರ ಮುಖ ಅರಳಿತು. ನನಗೆ ಪಿತ್ತ ನೆತ್ತಿಗೇರಿತು. ಆದರೂ ಸಮಾಧಾನದಿಂದ 'ದುರಸ್ತಿ ಮಾಡಿಸಲು ಒಪ್ಪಿರುತ್ತಾರೆ' ಎಂದು ಬರೆದು ತೋರಿಸಿದೆ. ಓದಲು ಮೆತ್ತಗಿದೆ ಎಂದು ಖುಷಿಪಟ್ಟರು. ಸುಳ್ಳು ಹೇಳಿ ಸಹಿ ಹಾಕಿಸುವವಳಲ್ಲ ನಾನು. "ಇದೂ ತಕ್ಕದ್ದಿನಷ್ಟೇ ಗಟ್ಟಿ," ಎಂದುಬಿಟ್ಟೆ. ಪೆನ್ನು ಕೆಳಗಿಟ್ಟರು.

"ಅಕ್ಕ, ನಾನು ಹೋಗ್ತೇನೆ," ಎಂದಳು ಶಹನಾ. ಪೇಟೆಯಲ್ಲಿ ಅವಳ ಕೈಗೆಟುಕುವ ಬಾಡಿಗೆಗೆ ಬೇರೆ ಕೋಣೆ ಇರಲಿಲ್ಲ. ನನಗೆ ಅಯ್ಯೋ ಅನ್ನಿಸಿತು.

ಆ ಸಾಲನ್ನೇ ಹೊಡೆದುಹಾಕಿ ಹೊಸದು ಬರೆದೆ: 'ಮಾಡಿನ ದುರಸ್ತಿ ಪೂರ್ಣಗೊಂಡು ಸೋರಿಕೆ ನಿಲ್ಲುವವರೆಗೆ ಬಾಡಿಗೆದಾರರು ಬಾಡಿಗೆ ಕೊಡಬೇಕಾಗಿಲ್ಲ.'

"ಇದರಲ್ಲಿ ನನಗೆ ಆಜ್ಞೆ ಉಂಟಾ?"

"ಇಲ್ಲ. ದುರಸ್ತಿ ಮಾಡಿ ಅಂತ ಈ ಸಾಲು ಹಿಡಿದು ನಿಮ್ಮ ಮೇಲೆ ಕೇಸು ಹಾಕಲಿಕ್ಕಾಗುದಿಲ್ಲ. ಆದರೆ ದುರಸ್ತಿ ಆಗುವವರೆಗೆ ಬಾಡಿಗೆ ಇಲ್ಲ."

ಶಹನಾಳಿಗೂ ಹೇಳಿದೆ, "ಅವರು ಮಾಡದಿದ್ದರೆ ನೀನು ಒತ್ತಾಯಿಸುವ ಹಾಗಿಲ್ಲ. ಬಾಡಿಗೆ ಉಳೀತದೆ, ಅಷ್ಟೆ."

ಅವಳು ಒಂದು ಕ್ಷಣ ಚೆನ್ನಪ್ಪಣ್ಣನನ್ನೇ ನೋಡಿದಳು. "ಸಾಕು ಅಕ್ಕ," ಎಂದು ಸಹಿ ಹಾಕಿದಳು. ಯಾರೂ ತಮಗೆ ಅಪ್ಪಣೆ ಕೊಟ್ಟಿಲ್ಲವೆಂಬ ಸಮಾಧಾನದಲ್ಲಿ ಅವರೂ ಹಾಕಿದರು.

ಮರುದಿನ ಬೆಳಿಗ್ಗೆ ಏಳಕ್ಕೇ ಶಹನಾಳ ಫೋನು. "ಅಕ್ಕ, ಚೆನ್ನಪ್ಪಣ್ಣ ಮಾಡಿನ ಮೇಲೆ ಇದ್ದಾರೆ. ಕೆಲಸದವರು ಇನ್ನೂ ಬರ್ಲಿಲ್ಲ. ಬಿದ್ದಾರು ಅಂತ ಹೆದರಿಕೆ ಆಗ್ತದೆ, ಇಳೀರಿ ಅಂದ್ರೆ ಕೇಳುದಿಲ್ಲ."

ಹಿಂದಿನಿಂದ ಅವರ ದನಿ ಕೇಳಿಸಿತು. "ನನಗೆ ಯಾರೂ ಹೇಳಿದ್ದಲ್ಲ ಅಂತ ಅಕ್ಕನಿಗೆ ಹೇಳು. ನನಗೇ ಮನಸ್ಸಾಗಿ ಹತ್ತಿದ್ದು."