ನೀಡಿದ ಕೈ ಇಳಿಸಕೂಡದು

ಚಕ್ರಪಾಣಿ ಮೇಷ್ಟ್ರಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಮಲ್ಲೇಶ್ವರದ ಹಳೆಯ ವಾಚನಾಲಯದ ಮಹಡಿಯಲ್ಲಿ ತಮ್ಮ ಖಗೋಳ ಸಂಘಕ್ಕೆಂದು ಪಡುವಣ ಗೋಡೆ ಒಡೆಸಿ ಹಾಕಿಸಿದ ಆಳೆತ್ತರದ ಗಾಜು. ಇನ್ನೊಂದು, ಆ ಗಾಜಿನ ಮುಂದೆ ಮಕ್ಕಳಿಗೆ ಕಲಿಸಿದ ನಿಯಮ. ಉರಿಯುವ ಉಲ್ಕೆ ಕಂಡರೆ ಕೂಗಾಡಿ ಓಡಾಡುವುದು ತಮಾಷೆ ನೋಡುವವರ ಕೆಲಸ. ಸಂಘದವರು ನಿಂತಲ್ಲೇ ನಿಂತು, ಬೆಳಕು ಆರಿದ ಕಡೆಗೆ ಕೈ ನೀಡಬೇಕು. ದಿಕ್ಸೂಚಿ ಇಟ್ಟು ಅಳೆಯುವ ತನಕ ನೀಡಿದ ಕೈ ಇಳಿಸಕೂಡದು. ಜೊತೆಗೆ ಎಣಿಸುತ್ತ, ಸದ್ದು ಬರುವುದನ್ನು ಕಾಯಬೇಕು. ದಿಕ್ಕು ಮತ್ತು ಹೊತ್ತು ಎರಡೂ ಸಿಕ್ಕರೆ ಕಲ್ಲು ಎಷ್ಟು ದೂರದಲ್ಲಿ ಒಡೆಯಿತೆಂದು ಹೇಳಬಹುದು.

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರಿಗೆ ಅಂಥ ಒಂದು ಸದ್ದೂ ಇನ್ನೂ ಕೇಳಿಸಿರಲಿಲ್ಲ. ಆದರೂ ಸ್ಟಾಪ್‌ವಾಚ್ ಮಾತ್ರ ಸದಾ ಕೊರಳಲ್ಲಿ ತೂಗಾಡುತ್ತಿತ್ತು. ಸ್ನಾನಕ್ಕಾದರೂ ಅದನ್ನು ತೆಗೆಯುತ್ತಾರೋ ಇಲ್ಲವೋ ಎಂದು ಹುಡುಗರು ನಗುತ್ತಿದ್ದರು.

ಕೋಕಿಲಾ ಮೇಷ್ಟ್ರ ಹಳೆಯ ಶಿಷ್ಯೆ. ಈಗ ಹತ್ತಿರದ ಸಂಶೋಧನಾಲಯವೊಂದರಲ್ಲಿ ಆಘಾತ ತರಂಗಗಳನ್ನು ಕುರಿತು ಕೆಲಸ ಮಾಡುತ್ತಿದ್ದಳು. ಉಕ್ಕಿನ ಕೊಳವೆಯೊಳಗೆ ಗಾಳಿಯನ್ನು ಗೋಡೆಯಂತೆ ಹೊಡೆಸುವುದು, ಅದು ಏನೇನು ಮುರಿಯುತ್ತದೆಂದು ಅಳೆಯುವುದು, ಇದು ಅವಳ ದಿನನಿತ್ಯ. ಭಾನುವಾರಗಳಲ್ಲಿ ಹತ್ತು ವರ್ಷದ ಮಗಳು ಇಂಚರಾಳನ್ನು ಕರೆದುಕೊಂಡು ಸಂಘಕ್ಕೆ ಬಂದು ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

ಎರಡು ಸಾವಿರದ ಮೂರರ ಜನವರಿಯ ಆ ಭಾನುವಾರ ಬೆಳಿಗ್ಗೆ, ಕೋಕಿಲಾ ಬಕೆಟ್ಟಿನ ನೀರಿಗೆ ಅಂಗೈಯಿಂದ ಪಟ್ಟೆಂದು ಹೊಡೆದು ತೋರಿಸಿದಳು.

"ಮೆಲ್ಲಗೆ ಇಳಿಸಿದ್ರೆ ನೀರು ದಾರಿ ಬಿಡುತ್ತೆ. ಜೋರಾಗಿ ಹೊಡೆದ್ರೆ ಪಕ್ಕಕ್ಕೆ ಸರಿಯೋಕೇ ಟೈಮ್ ಇರಲ್ಲ, ಅಂಗೈ ಉರಿಯುತ್ತೆ. ಉಲ್ಕೆ ಕಲ್ಲಿಗೆ ಗಾಳೀನೂ ಹಾಗೇ. ಸೆಕೆಂಡಿಗೆ ಹದಿನೈದು, ಇಪ್ಪತ್ತು ಕಿಲೋಮೀಟರ್ ಸ್ಪೀಡಲ್ಲಿ ಬರುತ್ತಲ್ಲ, ಮುಂದಿನ ಗಾಳಿ ಅದುಮಿಕೊಂಡು ಕೂತ್ಬಿಡುತ್ತೆ. ಹಿಂದುಗಡೆ ಹೆಚ್ಚುಕಮ್ಮಿ ಖಾಲಿ. ಕೆಳಗೆ ಬಂದಷ್ಟೂ ಗಾಳಿ ದಟ್ಟ, ಒತ್ತಡ ಜಾಸ್ತಿ. ಇಂಥ ಕಲ್ಲುಗಳಲ್ಲಿ ಮೊದಲೇ ಬಿರುಕಿರುತ್ತೆ. ಒತ್ತಡ ತಡೀಲಾರದೆ ಒಡೆಯುತ್ತೆ."

"ಒಡೆದ್ರೆ ಚೂರುಗಳು ಬೀಳ್ಬೇಕಲ್ಲ ಮೇಡಂ?" ಎಂದ ವಸಿಷ್ಠ. ಮೀಸೆ ಈಗಷ್ಟೇ ಮೂಡುತ್ತಿದ್ದ ಅವನಿಗೆ ಪ್ರಶ್ನೆ ಕೇಳದಿದ್ದರೆ ತಿಂದ ಇಡ್ಲಿ ಅರಗುತ್ತಿರಲಿಲ್ಲ.

"ಒಡೆದ ಕೂಡಲೇ ಹರಡಿಕೊಳ್ಳುತ್ತೆ ಮಗಾ. ಹರಡಿದ್ರೆ ಇನ್ನೂ ಜಾಸ್ತಿ ಗಾಳಿ ಅಡ್ಡ ಸಿಗುತ್ತೆ, ಇನ್ನೂ ಒಡೆಯುತ್ತೆ. ಒಂದೆರಡು ಸೆಕೆಂಡಲ್ಲಿ ಎಲ್ಲಾ ಮುಗಿದೇ ಹೋಗುತ್ತೆ. ಸಣ್ಣಪುಟ್ಟ ಚೂರು ಉದುರಬಹುದು. ಗಟ್ಟಿ ಕಬ್ಬಿಣದ್ದಾದ್ರೆ ನೆಲದ ತನಕ ಬಂದೀತು. ಕಲ್ಲಾದ್ರೆ ಮೇಲೇ ಸಿಡಿಯೋದು ಜಾಸ್ತಿ."

"ಹಾಗಾದ್ರೆ ನಮಗೆ ಭಯ ಇಲ್ಲ," ಎಂದ ವಸಿಷ್ಠ. ಕೋಕಿಲಾ ಉತ್ತರ ಕೊಡುವಷ್ಟರಲ್ಲಿ ಗೋಡೆಯ ಮೇಲೆ ಮಕ್ಕಳ ನೆರಳುಗಳು ಚಲಿಸಿದವು.

ಸೂರ್ಯ ಪೂರ್ವಕ್ಕಿದ್ದ. ಈ ನೆರಳುಗಳು ಪಡುವಣ ಬೆಳಕಿನವು. ಎಲ್ಲರೂ ತಿರುಗಿ ನೋಡುವ ಹೊತ್ತಿಗೆ ಗಾಜಿನಾಚೆ ಆಕಾಶದಲ್ಲಿ ಕಣ್ಣು ಕುಕ್ಕುವ ಬಿಳುಪು ಒಮ್ಮೆ ಹಿಗ್ಗಿ ಆರಿತು. ಅದು ಬಂದ ದಾರಿಯಲ್ಲಿ ದಪ್ಪ ಬಿಳಿಯ ಹೊಗೆ ಉಳಿಯಿತು. ಸದ್ದು ಒಂದಿಷ್ಟೂ ಇಲ್ಲ. ಕೆಳಗೆ ರಸ್ತೆಯಲ್ಲಿ ಆಟೋವೊಂದು ಗಕ್ಕನೆ ನಿಂತಿತು.

"ಜಾಗ ಬಿಡಬೇಡಿ! ಕೈ ನೀಡಿ!" ಎಂದು ಮೇಷ್ಟ್ರು ಕೂಗಿದರು. ಸ್ಟಾಪ್‌ವಾಚ್ ಆಗಲೇ ಓಡುತ್ತಿತ್ತು. ಗಾಜಿನ ಬಳಿ ಸಾಲಾಗಿ ಕೂತಿದ್ದ ಮಕ್ಕಳೆಲ್ಲ ಕೂತಲ್ಲೇ ಎದ್ದು, ಬೆರಳು ಗಾಜಿಗೆ ತಾಗುವಂತೆ ಆ ಹೊಗೆಯ ಕಡೆಗೆ ಕೈ ನೀಡಿದರು. ಸಾಲಿನ ನಡುವೆ ಇಂಚರಾ.

"ಮೇಡಂ, ನೀವು ಹೇಳ್ದಂಗೇ ಮೇಲೇ ಸಿಡೀತು! ನಾವು ಬಚಾವ್!" ಎಂದ ವಸಿಷ್ಠ.

ಕೋಕಿಲಾಳ ಕೈ ತನ್ನ ಕೆನ್ನೆಗೆ ಹೋಯಿತು. ಕೆನ್ನೆ ಬೆಚ್ಚಗಿತ್ತು. ಬರಿಯ ಬೆಳಕಲ್ಲ, ಒಲೆಯ ಮುಂದೆ ಬಗ್ಗಿದಾಗಿನ ಕಾವು ಅಷ್ಟು ದೂರದಿಂದ ತಾಗಿತ್ತು. ಕಲ್ಲು ನೆಲಕ್ಕೆ ಬೀಳಲಿಲ್ಲ, ನಿಜ. ಹಾಗಾದರೆ ಅದು ಹೊತ್ತು ತಂದ ವೇಗವೆಲ್ಲ ಎಲ್ಲಿಗೆ ಹೋಯಿತು? ಗಾಳಿಗೆ. ಆ ಗಾಳಿ ಈಗ ಎಲ್ಲಿದೆ? ದಾರಿಯಲ್ಲಿದೆ. ಬೆಳಕು ಆಗಲೇ ಬಂದು ಮುಟ್ಟಿದೆ, ಹಿಂದೆ ಬರುತ್ತಿರುವುದು ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ನಡೆದು ಬರುತ್ತಿದೆ. ಸಿಡಿದದ್ದು ನಲವತ್ತು ಕಿಲೋಮೀಟರ್ ದೂರವಾದರೆ ಎರಡು ನಿಮಿಷ.

"ಎಲ್ಲರೂ ಹಿಂದಕ್ಕೆ ಬನ್ನಿ! ಗಾಜು ಬಿಟ್ಟು ಬನ್ನಿ!"

ಒಬ್ಬರೂ ಕದಲಲಿಲ್ಲ. ಇಂಚರಾ ತಲೆ ಕೂಡ ತಿರುಗಿಸದೆ, "ಕೈ ಇಳಿಸಿದ್ರೆ ದಿಕ್ಕು ತಪ್ಪೋಗುತ್ತೆ ಅಮ್ಮ, ಸರ್ ಇನ್ನೂ ಅಳೆದಿಲ್ಲ," ಎಂದಳು.

"ಸರ್, ಬರೋದು ಬರೀ ಸದ್ದಲ್ಲ. ಗಾಜು ಒಳಗೆ ಬರುತ್ತೆ."

"ಕೋಕಿಲಾ, ಇದಕ್ಕೆ ಎಷ್ಟು ವರ್ಷ ಕಾದೆ ಅಂತ ನಿಂಗೆ ಗೊತ್ತು. ಕೆಡಿಸಬೇಡಮ್ಮ." ಮೇಷ್ಟ್ರು ದಿಕ್ಸೂಚಿ ಹಿಡಿದು ಸಾಲಿನ ಮೊದಲನೆಯ ಹುಡುಗನ ಕೈ ಅಳೆಯುತ್ತಿದ್ದರು. ಆ ಮುಖದ ಮೇಲಿನ ಸಂತೋಷ ನೋಡಿ ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ತಾನು ಕಲಿತದ್ದೆಲ್ಲ ಇವರಿಂದ. ಇವರು ಕಲಿಸಿದ್ದೇ ಈಗ ಮಗಳನ್ನು ಗಾಜಿಗೆ ಅಂಟಿಸಿ ನಿಲ್ಲಿಸಿತ್ತು.

ಎಳೆದುಹಾಕಲು ಹದಿನೇಳು ಮಕ್ಕಳು, ಅವಳಿಗೆ ಇರುವುದು ಎರಡೇ ಕೈ. ಅವಳು ಅವರ ಭಾಷೆಯಲ್ಲೇ ಕೂಗಿದಳು: "ನಿಮ್ಮ ಲೆಕ್ಕ ಬಿಡಬೇಡಿ! ಎಣಿಸ್ತಾನೇ ಒಳಗೋಡೆ ಹಿಂದೆ ಬನ್ನಿ! ಕಿವಿ ಮುಚ್ಚಿ ಕೂತು ಎಣಿಸಿ! ಸರಿಯಾಗಿ ಎಣಿಸಿದವರ ಲೆಕ್ಕ ಮಾತ್ರ ಸೇರಿಸೋದು!"

ಅದು ಕೆಲಸ ಮಾಡಿತು. ತುಟಿ ಅಲ್ಲಾಡಿಸುತ್ತಲೇ ಮಕ್ಕಳು ಕಪಾಟುಗಳ ಕೋಣೆಗೆ ನುಗ್ಗಿದರು. ಇಂಚರಾಳನ್ನು ಅವಳೇ ರಟ್ಟೆ ಹಿಡಿದು ಎಳೆದೊಯ್ದಳು. ಗಾಜಿನ ಮುಂದೆ ಮೇಷ್ಟ್ರೊಬ್ಬರೇ ಉಳಿದರು.

ಕತ್ತಲ ಕೋಣೆಯಲ್ಲಿ ಪಿಸುದನಿಯ ಎಣಿಕೆ. ಹೊರಗೆ ಕಾಗೆಗಳೂ ಕೂಗುತ್ತಿರಲಿಲ್ಲ. ಬದಲಿಗೆ ಬೀದಿಯಲ್ಲಿ ಕಿಟಕಿಗಳು ಒಂದೊಂದಾಗಿ ತೆರೆಯುವ ಸದ್ದು, "ಏನದು, ಏನದು" ಎಂಬ ಮಾತು. ಊರಿಗೆ ಊರೇ ಹೊಗೆ ನೋಡಲು ಕಿಟಕಿಗೆ ಬರುತ್ತಿತ್ತು. ಕೋಕಿಲಾ ಕೋಣೆಯ ಮುಚ್ಚಿದ ಕಿಟಕಿಯ ಸಂದಿಯಿಂದ ಬೀದಿಗೆ ಕೂಗಿದಳು: "ಒಳಗೆ ಹೋಗಿ! ಕಿಟಕಿ ಬಿಡಿ!" ಎದುರು ಮನೆಯ ಹೆಂಗಸು ನಕ್ಕು ಕೈ ಬೀಸಿದಳು.

ನೂರು ದಾಟಿತು. ಏನೂ ಬರಲಿಲ್ಲ.

"ನೋಡಿದ್ಯಾ, ಸುಮ್ನೆ ಹೆದರಿಸಿದೆ," ಎಂದು ಮೇಷ್ಟ್ರು ಆಚೆಯಿಂದ ಹೇಳಿದರು. "ಮಧ್ಯದಲ್ಲಿದ್ದವರ ದಿಕ್ಕು ಸಿಗಲೇ ಇಲ್ಲ."

ಆ ಮಾತು ಕೇಳಿದ್ದೇ ತಡ, ಇಂಚರಾ ತಾಯಿಯ ಕೈ ಕೊಸರಿಕೊಂಡು ಓಡಿದಳು. ಕೋಕಿಲಾ ಬಾಗಿಲು ತಲುಪುವಷ್ಟರಲ್ಲಿ ಮಗಳು ಗಾಜಿನ ಮುಂದೆ ನಿಂತು, ಹೊಗೆಯ ಕಡೆಗೆ ಕೈ ನೀಡಿಯಾಗಿತ್ತು. ಮೇಷ್ಟ್ರು ಬಾಗಿ ದಿಕ್ಸೂಚಿ ಇಡುತ್ತಿದ್ದರು. ಆಗ ಅವರು ಗಾಜಿನಾಚೆ ಏನನ್ನೋ ಕಂಡರು. ದೂರದ ಮರಗಳ ಮೇಲಿಂದ ಪಾರಿವಾಳಗಳು ಚೆಲ್ಲಾಪಿಲ್ಲಿಯಾಗಿ ಎದ್ದವು, ಆಮೇಲೆ ಹತ್ತಿರದ ಮರಗಳಿಂದ.

ದಿಕ್ಸೂಚಿ ಕೈಯಿಂದ ಬಿತ್ತು. ಮೇಷ್ಟ್ರು ಹುಡುಗಿಯನ್ನು ಎರಡೂ ತೋಳಲ್ಲಿ ಬಾಚಿ, ಗಾಜಿಗೆ ಬೆನ್ನು ಹಾಕಿ ಕುಕ್ಕರಿಸಿದರು.

ಕಟ್ಟಡವೇ ಎದೆಗೆ ಒದ್ದಂತಾಯಿತು. ಒಂದಲ್ಲ, ಮೂರು ಸಲ. ಗೋಡೆಯಷ್ಟಗಲದ ಗಾಜು ಒಳಗೆ ಬಂತು.

ಧೂಳು ಇಳಿಯುವ ಮೊದಲೇ ಕೋಕಿಲಾ ಚೂರುಗಳ ಮೇಲೆ ತೆವಳಿದಳು. ಮೇಷ್ಟ್ರ ತೋಳು ಬಿಡಿಸಿದಾಗ ಇಂಚರಾ ಕಣ್ಣು ಬಿಟ್ಟಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಮೇಷ್ಟ್ರ ಬಿಳಿ ಶರಟಿನ ಬೆನ್ನು ಬಿಳಿಯಾಗಿರಲಿಲ್ಲ.

"ಎಷ್ಟಾಯ್ತು?" ಎಂದರು ಅವರು, ತುಂಬ ಸಣ್ಣ ದನಿಯಲ್ಲಿ.

ಕೋಕಿಲಾ ಮೇಷ್ಟ್ರ ಕೊರಳಿನ ಸ್ಟಾಪ್‌ವಾಚ್ ತಿರುಗಿಸಿ ನೋಡಿದಳು. ಅದು ಇನ್ನೂ ಓಡುತ್ತಿತ್ತು. ನಿಲ್ಲಿಸಲು ಅವರಿಗೆ ಕೈ ಬಿಡುವಿರಲಿಲ್ಲ.