ಮಯಾದಾಳ ಮೂರನೇ ಅಂಶ

ಮಯಾದಾಳ ಮೇಲ್ಮನವಿಯ ಮೊದಲ ಕರಡಿನಲ್ಲಿ ಹೊಗಳಿಕೆಯೇ ಎಂಟು ಸಾಲಿತ್ತು. ಗೌರವಾನ್ವಿತರು, ಜ್ಞಾನದ ದೀಪ, ದೇವರು ತಮ್ಮ ಆಯುಸ್ಸು ಹೆಚ್ಚಿಸಲಿ ಅಂತೆಲ್ಲ. ಅಮ್ಮಾನ್ ನಗರದಲ್ಲಿ ಒಂದು ರಜೆ ಕೇಳುವುದಕ್ಕೂ ಜನ ಹೀಗೇ ಬರೆಯುತ್ತಾರೆ. ಬರೆದವಳಿಗೇ ನಗು ಬಂತು, ಅಷ್ಟನ್ನೂ ಹೊಡೆದುಹಾಕಿದಳು.

ವಿಷಯ ಮಾತ್ರ ನಗುವಂಥದ್ದಲ್ಲ. ಲೆಕ್ಕಶಾಸ್ತ್ರ ಬಿಟ್ಟು ರಾಜ್ಯಶಾಸ್ತ್ರ ವಿಭಾಗ ಸೇರಬೇಕಾದರೆ ರಾಜಕೀಯ ಸಿದ್ಧಾಂತದ ಪ್ರಬಂಧದಲ್ಲಿ ಎಪ್ಪತ್ತು ಅಂಕ ಬರಲೇಬೇಕಿತ್ತು. ಬಂದದ್ದು ಐವತ್ತೆಂಟು, ಅದಕ್ಕೇ ಈ ಮೇಲ್ಮನವಿ. ಪ್ರಶ್ನೆ ಇದು: ಪ್ರಜೆ ಸುಮ್ಮನಿದ್ದರೆ ಆಳುವವರನ್ನು ಒಪ್ಪಿದ ಹಾಗೆಯೇ? ಅಲ್ಲ ಎಂದು ಇವಳು ಎಂಟು ಪುಟ ವಾದಿಸಿದ್ದಳು.

ಹೊಸ ಪತ್ರದಲ್ಲಿ ಮೂರೇ ಅಂಶ. ಒಂದು, ಎದುರು ವಾದವನ್ನು ಹೇಳಿಲ್ಲ ಎಂದು ಮೇಷ್ಟ್ರು ಅಂಕ ಕಳೆದಿದ್ದಾರೆ. ನಾಲ್ಕು ಮತ್ತು ಐದನೇ ಪುಟ ಪೂರ್ತಿ ಅದೇ ಇದೆ. ಎರಡು, ಒಂದು ಪಠ್ಯ ಬಳಸಿಲ್ಲ ಎಂದಿದ್ದಾರೆ. ಆ ಪಠ್ಯವನ್ನು ಕೈಬಿಟ್ಟಿದ್ದೇವೆಂದು ಮೂರನೇ ವಾರ ಎಲ್ಲ ತರಗತಿಗಳಿಗೂ ಸೂಚನೆ ಬಂದಿತ್ತು, ಪ್ರತಿ ಲಗತ್ತಿಸಿದೆ. ಮೂರು, ಬೇಡವೆನ್ನಲು ಸಾಧ್ಯವಿದ್ದೂ ಸುಮ್ಮನಿದ್ದವರ ಬಗ್ಗೆ ಉತ್ತರಿಸಿಲ್ಲ ಎಂದಿದ್ದಾರೆ. ಬೇಡವೆನ್ನುವುದಕ್ಕೆ ಯಾವಾಗಲೂ ದೊಡ್ಡ ಬೆಲೆ ತೆರಬೇಕಾಗುತ್ತದೆ, ಆದ್ದರಿಂದ ಅಂಥವರೇ ಇಲ್ಲ ಎಂಬುದೇ ನನ್ನ ಉತ್ತರ.

ಪತ್ರ ಕೊಟ್ಟ ಮೂರನೇ ದಿನ ಪಠ್ಯಕ್ರಮದ ಸಂಯೋಜಕಿ ಡಾ. ಇಂತಿಸಾರ್ ಕರೆಸಿದರು. ಮೇಜಿನ ಮೇಲೆ ಪತ್ರವಿತ್ತು, ಅವರ ಮುಖ ಗಂಟಿಕ್ಕಿಕೊಂಡಿತ್ತು.

"ಅಬು ನವ್ವಾಫ್ ಯಾರಮ್ಮ ನಿನಗೆ?"

"ಸೋದರಮಾವ, ಮೇಡಂ."

"ನನ್ನ ಭಾವನ ಕೈಲಿ ನಿನ್ನೆ ಫೋನ್ ಮಾಡಿಸಿದ್ದಾರೆ. ಹುಡುಗಿ ನಮ್ಮವಳು, ಸ್ವಲ್ಪ ನೋಡಿಕೊಳ್ಳಿ ಅಂತ. ಶಿಫಾರಸು ಬಂದ ಅರ್ಜಿಯನ್ನ ನಾನು ಇನ್ನೊಬ್ಬ ಅಧ್ಯಾಪಕರ ಎರಡನೇ ಓದಿಗೆ ಕಳಿಸಲ್ಲ. ಕಳಿಸಿ ಅಂಕ ಹೆಚ್ಚಾದರೆ ಫೋನಿಗೇ ಹೆಚ್ಚಾಯ್ತು ಅಂತಾರೆ."

"ನಾನು ಮಾಡಿಸಿ ಅಂತ ಹೇಳಲಿಲ್ಲ ಮೇಡಂ. ಶುಕ್ರವಾರ ಊಟಕ್ಕೆ ಕೂತಾಗ ಅವರೇ ಫೋನ್ ಮಾಡಿಸ್ತೀನಿ ಅಂದ್ರು. ನಾನು ಸುಮ್ಮನಿದ್ದೆ, ಅಷ್ಟೇ."

ಇಂತಿಸಾರ್ ಕನ್ನಡಕ ತೆಗೆದಿಟ್ಟು ಅವಳನ್ನೇ ನೋಡಿದರು. "ಬೇಡ ಅಂದಿದ್ರೆ ಏನಾಗ್ತಿತ್ತು?"

ಏನಾಗುತ್ತಿತ್ತು? ಮಾವ ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದ, ಮೂರನೇ ದಿನ ಕುನಾಫಾ ಸಿಹಿ ತಿನ್ನಲು ಅವನೇ ಕರೆದುಕೊಂಡು ಹೋಗುತ್ತಿದ್ದ. ನಿಜ ಹೇಳಬೇಕೆಂದರೆ, ಫೋನ್ ಮಾಡಿದರೆ ಮಾಡಲಿ ಅಂತ ಒಳಗೊಳಗೇ ಆಸೆಯೂ ಇತ್ತು.

"ಏನೂ ಆಗ್ತಿರಲಿಲ್ಲ," ಎಂದಳು. "ಮೇಡಂ, ಪತ್ರದ ಆ ಮೂರನೇ ಅಂಶ ಸರಿಯಿಲ್ಲ. ಬೇಡ ಅನ್ನಬಹುದಾಗಿದ್ದೂ ಸುಮ್ಮನಿದ್ದವರು ಇದ್ದಾರೆ, ನಾನೇ ಇದ್ದೀನಿ. ಮೇಷ್ಟ್ರು ಹೇಳಿದ್ದೇ ಸರಿ. ಹೊಡೆದುಹಾಕ್ತೀನಿ."

"ಹೊಡೆದುಹಾಕು. ಅದಕ್ಕಿಂತ ಮುಂಚೆ ಆ ಫೋನಿನ ಲೆಕ್ಕ ಮುಗಿಸು."

ಅಲ್ಲೇ, ಅವರೆದುರಿಗೇ ಮಾವನಿಗೆ ಫೋನ್ ಹಚ್ಚಿದಳು. "ಮಾವ, ನೀವು ಹೇಳಿಸಿದ್ದನ್ನ ವಾಪಸ್ ತಗೊಳ್ಳಿ. ನನಗೆ ಬೇಡ. ಊಟದ ದಿನವೇ ಹೇಳಬೇಕಿತ್ತು, ತಪ್ಪು ನನ್ನದು."

"ಅಬ್ಬಾ, ದೊಡ್ಡ ಮನುಷ್ಯಳಾಗಿಬಿಟ್ಟೆ. ಫೇಲಾದರೆ ನನ್ನ ಹತ್ರ ಅಳ್ತಾ ಬರಬೇಡ," ಎಂದ ಮಾವನ ದನಿ ಆ ಕೋಣೆಗೆಲ್ಲ ಕೇಳಿಸಿತು. ಇಂತಿಸಾರ್ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಸಂಜೆಯೊಳಗೆ ಅವರ ಭಾವನಿಂದ ಎರಡನೇ ಫೋನ್ ಬಂತು: ನಿನ್ನೆಯ ಮಾತು ಮರೆತುಬಿಡಿ ಅಂತ.

ಪ್ರಬಂಧವೂ ಎರಡೇ ಅಂಶ ಉಳಿದ ಪತ್ರವೂ ಹೆಸರು ಮುಚ್ಚಿಕೊಂಡು ಇನ್ನೊಬ್ಬ ಅಧ್ಯಾಪಕರ ಕೈಗೆ ಹೋದವು. ಅಂಕ ಏರಬಹುದು, ಇಳಿಯಲೂಬಹುದು ಎಂದು ಮೊದಲೇ ಸಹಿ ಹಾಕಿಸಿಕೊಂಡಿದ್ದರು. ಹನ್ನೊಂದನೇ ದಿನ ಉತ್ತರ ಬಂತು. ಎರಡು ಅಂಶಗಳೂ ಒಪ್ಪಿಗೆ, ಮೂರನೆಯ ಕೊರತೆಗೆ ಕಳೆದ ಅಂಕ ಹಾಗೇ. ಒಟ್ಟು ಎಪ್ಪತ್ತೊಂದು.

ಮನೆಗೆ ಓಡಿದಳು. ಅಪ್ಪ ಮುನೀರ್ ಅಡುಗೆಮನೆಯಲ್ಲಿ ಚಹಾಕ್ಕೆ ಮರಮಿಯಾ ಎಂಬ ಘಮದ ಎಲೆ ಹಾಕುತ್ತಿದ್ದರು. ಇಪ್ಪತ್ತು ವರ್ಷದಿಂದ ಲೆಕ್ಕಪರಿಶೋಧನೆಯ ಕಚೇರಿ ನಡೆಸುತ್ತಿದ್ದವರು. ಬಾಗಿಲ ಫಲಕದಲ್ಲಿ ತಮ್ಮ ಹೆಸರಿನ ಕೆಳಗೆ ಮಗಳ ಹೆಸರಿಗೆಂದು ಜಾಗ ಬಿಟ್ಟಿದ್ದರು.

"ಬಾಬಾ, ಎಪ್ಪತ್ತೊಂದು ಬಂತು. ನಾನು ವಿಭಾಗ ಬದಲಾಯಿಸ್ತೀನಿ."

ಅಪ್ಪ ಏನೂ ಹೇಳಲಿಲ್ಲ. ಚಹಾ ಸೋಸಿದರು, ಎರಡು ಲೋಟಕ್ಕೆ ಬಗ್ಗಿಸಿದರು, ಒಂದನ್ನು ಅವಳ ಕಡೆ ಸರಿಸಿದರು. ಹಿಂದಿನ ಮಯಾದಾ ಆಗಿದ್ದರೆ ಅಷ್ಟಕ್ಕೇ ಗೆದ್ದೆ ಅಂದುಕೊಂಡು ಕೋಣೆಗೆ ಹಾರಿಬಿಡುತ್ತಿದ್ದಳು. ಇವಳು ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

"ಸುಮ್ಮನಿದ್ದರೆ ಆಗಲ್ಲ ಬಾಬಾ. ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಿ, ಜಗಳ ಆಡೋಣ. ಬಾಯಿಬಿಟ್ಟು ಹೇಳಿ."

ಅಪ್ಪ ಲೋಟ ಕೆಳಗಿಟ್ಟರು.

"ಇಷ್ಟ ಇಲ್ಲ," ಎಂದರು. ಆಮೇಲೆ ಅಪ್ಪನ ಸಹಿ ಬೇಕಿದ್ದ ವಿಭಾಗ ಬದಲಾವಣೆಯ ಅರ್ಜಿಯನ್ನು ಅವಳ ಕೈಯಿಂದ ತೆಗೆದುಕೊಂಡು ಪೆನ್ನಿಗೆ ಜೇಬು ತಡಕಿದರು. "ಆದರೂ ಹೋಗು ಮಗಳೇ. ಒಪ್ಪಿದ್ದೀನಿ."